ನಾಳೆಯ ಹಬ್ಬಕ್ಕೆ ಒಂದು ಕೇಜಿ ಬೆಲ್ಲ

ನಮ್ಮ ಬೀದಿಯ ದಿನಸಿ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಗ್ರಾಹಕರ ಪರವಾಗಿ ನಾಲ್ಕು ಮಾತಾಡೋಕೆ ನನ್ನನ್ನೇ ಹಿಡಿದರು. ನಾನೇ ಯಾಕೆ ಅಂತ ಕೇಳಿದ್ದಕ್ಕೆ ಎದುರುಮನೆಯವಳು, "ಮೈಕ್ ಕೆಟ್ಟೋದ್ರೂ ನಿನ್ ಗಂಟಲು ಕೆಡಲ್ವಲ್ಲಾ" ಅಂದಳು. ಅವಳ ಮಾತು ಸುಳ್ಳಲ್ಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ ಸೊಸೆಯಾಗಿ ಬಂದವಳು ನಾನು. ಮನೆಯೊಳಗೆ ಎರಡು ಪವರ್‌ಲೂಮು, ಗೋಡೆಯಾಚೆ ಇನ್ನೆರಡು. ಅವುಗಳ ಸದ್ದಿನ ಮೇಲೆ ಉಪ್ಪು ಕೇಳಬೇಕಾದರೂ ಕೂಗಲೇಬೇಕು. ನಮ್ಮ ಬೀದಿಯವರು ಮೆಲ್ಲಗೆ ಮಾತಾಡೋದನ್ನು ಕಲಿಯೋದೇ ಇಲ್ಲ, ಮದುವೆಮನೆಗೆ ಹೋದರೆ ಜಗಳಕ್ಕೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ.

ಶುಭಾಶಯ ಅಂದರೆ ಈಗೆಲ್ಲ ಫ್ಲೆಕ್ಸ್ ತಾನೇ. ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ನಮ್ಮ ಬೀದಿಯ ಗಂಡಸರು ಮೊದಲು ಓಡಿದ್ದೂ ಅಲ್ಲಿಗೇ. ಅಂಗಡಿಯವರ ಫೋಟೋ ನಡುವೆ ದೊಡ್ಡದಾಗಿ, ಸುತ್ತ ತಮ್ಮ ಮುಖಗಳು ಚಿಕ್ಕದಾಗಿ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೋ ಕೊಟ್ಟವರೂ ಇದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಅಂಗಡಿಗೆ ಹೋಗೋರು ಹೆಂಗಸರು, ಫ್ಲೆಕ್ಸಿನಲ್ಲಿ ಮೀಸೆ ತಿರುವೋರು ಇವರು! ಕೊನೆಗೆ ಅಂಗಡಿಯವರೇ, ನನ್ನ ಫೋಟೋ ಬೇಡ, ನನ್ನ ಮುಖ ದಿನಾ ನೋಡ್ತಾರಲ್ಲ ಅಂದುಬಿಟ್ಟರು. ಅವರ ಮುಖವೇ ಇಲ್ಲದಮೇಲೆ ಇವರ ಮುಖ ಹಾಕಿಕೊಳ್ಳೋದು ಹೇಗೆ? ಹಾಗಾಗಿ ಫ್ಲೆಕ್ಸ್ ಹೋಯಿತು, ಭಾಷಣ ಉಳಿಯಿತು. ಅದು ನನ್ನ ತಲೆಗೆ ಬಂತು.

ಅಂಗಡಿಯವರನ್ನು ನಾವೆಲ್ಲ ಭಾಯಿ ಅಂತೀವಿ. ಮನೆಯಲ್ಲಿ ಅವರದು ಉರ್ದು, ನಮ್ಮ ಜೊತೆ ನಮ್ಮ ಹಾಗೇ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿ ಒಂದು. ಅಂಗಡಿ ತೆಗೆದ ಹೊಸತರಲ್ಲಿ ತೆಳ್ಳಗೆ ಜೋಳದ ಕಡ್ಡಿ ಥರ ಇದ್ದರು. ಈಗ ಹೊಟ್ಟೆ ಬಂದಿದೆ, ಗಡ್ಡ ಬೆಳ್ಳಗಾಗಿದೆ. ಕತ್ತಲೆ ಹರಿಯೋ ಮುಂಚೆ ಹಾಲಿನ ಕ್ರೇಟು ಇಳಿಸಿಕೊಳ್ಳುತ್ತಾರೆ, ಅಂಗಡಿ ಮುಂದೆ ನೀರು ಚಿಮುಕಿಸುತ್ತಾರೆ. ಆಮೇಲೆ ಶುರುವಾಗುವುದು ಅವರ ಜಾಡಿಸುವ ಕೆಲಸ. ಹೊಸ ಮೂಟೆ ಬಂತು ಅಂದರೆ ಹಳೆಯದನ್ನು ಮುಂದಕ್ಕೆ ಎಳೆದು, ಹೊಸದನ್ನು ಹಿಂದಕ್ಕೆ ತಳ್ಳಬೇಕು. ಬೇಳೆಯೊಳಗೆ ಕೈ ಇಳಿಸಿ ಬಿಸಿ ಇದೆಯಾ ನೋಡುತ್ತಾರೆ. ಬಿಸಿ ಇದ್ದರೆ ಒಳಗೆ ಹುಳ ಕೂತಿದೆ ಅಂತ ಅರ್ಥವಂತೆ. ಹೆಸರುಕಾಳನ್ನು ಬಿಸಿಲಿಗೆ ಹರಡುವುದು, ರವೆಯನ್ನು ಜರಡಿ ಹಿಡಿಯುವುದು ಅವರ ಹೆಂಡತಿಯ ಪಾಲು. ಟೀಪುಡಿ ಇರುವ ಕಡೆ ಊದುಬತ್ತಿ ಇಡುವ ಹಾಗಿಲ್ಲ, ಅಕ್ಕಿ ಪಕ್ಕ ಸೋಪು ಇಡುವ ಹಾಗಿಲ್ಲ. ಒಂದರ ವಾಸನೆ ಇನ್ನೊಂದು ಕುಡಿಯುತ್ತೆ ಅಂತಾರೆ. ಬೇರೆ ಅಂಗಡಿಯಲ್ಲಿ ಮಲ್ಲಿಗೆ ಘಮಘಮಿಸುವ ಟೀ ಕುಡಿದವರಿಗೇ ಇದರ ಬೆಲೆ ಗೊತ್ತು.

ಅಂಗಡಿಯ ಬಗ್ಗೆ ಭಾಯಿಗೆ ಇರುವ ಜಂಬ ಒಂದೇ. ಹಳೇ ಮಾಲು ಕೊಡಲ್ಲ. ನೀವು ಬೇಕು ಅಂದರೂ ಕೊಡಲ್ಲ. ಒಂದು ಸಲ ನಾನು ಹುರಿಗಡಲೆ ಕೇಳಿದಾಗ, "ಇದು ಮೆತ್ತಗಾಗಿದೆ ಅಕ್ಕ, ನಾಳೆ ಹೊಸದು ಬರುತ್ತೆ" ಅಂದರು. ಮನೆಯಲ್ಲಿ ಒಗ್ಗರಣೆ ಕಾಯುತ್ತಿತ್ತು, ಚಟ್ನಿಗೆ ತಾನೇ ಕೊಡಿ ಅಂತ ನಾನು ಗದರಿದೆ. ಊಹೂಂ. ಡಬ್ಬಿ ಮುಚ್ಚಳವನ್ನೇ ತೆಗೆಯಲಿಲ್ಲ. ಅವತ್ತು ಬಾಯಿಗೆ ಬಂದದ್ದು ಅಂದು ಬಂದೆ, ಚಟ್ನಿಯಿಲ್ಲದೆ ದೋಸೆ ತಿಂದೆವು.

ಇನ್ನೊಂದು ವಿಷಯ ಹೇಳಬೇಕು, ಬೇರೆ ಊರಿನವರು ಇದನ್ನು ನಂಬೋದಿಲ್ಲ. ಆ ಅಂಗಡಿಯ ಪೊಟ್ಟಣಗಳಿಗೆ ಅಂಗಡಿಯ ದಾರ ಇಲ್ಲ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನ ಒಂದು ಹಾಸು ಮುಗಿದಾಗ ತುದಿಯಲ್ಲಿ ಮೊಳದುದ್ದದ ಎಳೆಗಳು ಉಳಿಯುತ್ತವೆ, ನೇಯೋಕೆ ಬಾರದ್ದು. ಅದನ್ನು ನಾವು ಭಾಯಿಗೆ ಕೊಟ್ಟುಬರುತ್ತೇವೆ. ಅವರು ನಾಲ್ಕೈದು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದು, ಗಂಟು ಹಾಕಿ ಉಂಡೆ ಸುತ್ತಿಡುತ್ತಾರೆ. ಅರ್ಧ ಕೇಜಿ ತೊಗರಿಬೇಳೆಗೆ ರಾಣಿ ಗುಲಾಬಿ ಬಣ್ಣದ ದಾರ, ಸಾಸಿವೆಗೆ ಗಿಣಿ ಹಸಿರು. ಯಾರ ಮನೆ ಮಗ್ಗದಲ್ಲಿ ಯಾವ ಬಣ್ಣದ ಸೀರೆ ಇಳಿಯಿತು ಅನ್ನೋದನ್ನು ಪೊಟ್ಟಣ ನೋಡಿ ಹೇಳಬಹುದು. ಎಲ್ಲ ಅಂಗಡಿಗೂ ಪ್ಲಾಸ್ಟಿಕ್ ಕವರು ಬಂದರೂ ಭಾಯಿ ಈ ದಾರ ಬಿಡಲಿಲ್ಲ.

ಭಾಷಣಕ್ಕೆ ಏನೇನು ಹೇಳಬೇಕು ಅಂತ ನಾನು ಮಗ್ಗದ ಮುಂದೆ ನಿಂತೇ ಯೋಚನೆ ಮಾಡಿದೆ. ಮೊದಲು ನೆನಪಾಗಿದ್ದು ನಮ್ಮ ಮಾವನವರು ತೀರಿಕೊಂಡ ಬೆಳಗ್ಗೆ. ನೆಂಟರಿಗೆ ಫೋನ್ ಹೋಗುವ ಮುಂಚೆಯೇ ಅಂಗಡಿಯಿಂದ ಕರ್ಪೂರ, ಊದುಬತ್ತಿ, ಜೊತೆಗೆ ಟೀಪುಡಿ, ಸಕ್ಕರೆ, ಹಾಲು ಬಂತು. ಸತ್ತವರಿಗೆ ಬೇಕಾದ್ದು ಎಲ್ಲರಿಗೂ ನೆನಪಾಗುತ್ತೆ, ಅಳುವವರಿಗೂ ಟೀ ಬೇಕು ಅನ್ನೋದು ಯಾರಿಗೆ ಹೊಳೆಯುತ್ತೆ? ಮಾವನವರನ್ನು ಎತ್ತಿದಾಗ ಭಾಯಿ ಶಟರ್ ಅರ್ಧ ಇಳಿಸಿ, ಹೊರಗೆ ಬಂದು ಕೈಕಟ್ಟಿ ನಿಂತರು. ಬೀದಿ ತಿರುವು ದಾಟುವವರೆಗೂ ಹಾಗೇ ನಿಂತಿದ್ದರಂತೆ. ನಾನು ನೋಡಲಿಲ್ಲ, ಅತ್ತೆ ನೋಡಿದ್ದರು.

ಆಮೇಲೆ ನನ್ನ ಮಗಳ ಮದುವೆ. ನಾನು ಯಾರ ಮನೆಗೂ ಕಡಿಮೆಯಾಗಬಾರದು ಅಂತ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಧಾರಾಳವಾಗಿ ಬರೆಸಿಕೊಂಡು ಹೋಗಿದ್ದೆ. ಭಾಯಿ ಓದಿ ನೋಡಿ ನಕ್ಕರು. ಎಷ್ಟು ಎಲೆ ಹಾಕ್ತೀರಾ, ಬೆಳಗ್ಗೆ ತಿಂಡಿ ಎಷ್ಟು ಜನಕ್ಕೆ, ಗಂಡಿನ ಕಡೆಯವರು ರಾತ್ರಿಯೇ ಬರ್ತಾರಾ ಅಂತೆಲ್ಲ ವಿಚಾರಿಸಿ ಬೇಳೆಯಲ್ಲಿ ಕಾಲು ಭಾಗ ಹೊಡೆದುಹಾಕಿದರು, ಎಣ್ಣೆಯಲ್ಲೂ ಕತ್ತರಿಸಿದರು. ಇದೇನು ಭಾಯಿ, ವ್ಯಾಪಾರ ಬೇಡವಾ ಅಂದೆ. ಅವರು ಹೇಳಿದ್ದು ಇಷ್ಟು. ಒಂದು ಸಲ ಹೊಸ್ತಿಲು ದಾಟಿ ಹೋದ ಮಾಲನ್ನು ನಾನು ವಾಪಸ್ ಮೂಟೆಗೆ ಸುರಿಯಲ್ಲ. ಯಾರ ಮನೆಯಲ್ಲಿ ಹೇಗಿತ್ತೋ, ಯಾವ ಒದ್ದೆ ಕೈ ಬಿತ್ತೋ. ಅದಕ್ಕೆ ಈಗಲೇ ಕಡಿಮೆ ತಗೊಳ್ಳಿ, ಮಿಕ್ಕಿದ್ದು ಇಲ್ಲೇ ಕಟ್ಟಿಟ್ಟಿರ್ತೀನಿ, ಬೇಕಾದರೆ ಛತ್ರಕ್ಕೆ ಕಳಿಸ್ತೀನಿ. ಛತ್ರದಿಂದ ಯಾರೂ ಹೇಳಿಕಳಿಸಲಿಲ್ಲ. ಅಡುಗೆಯವರೇ ಲೆಕ್ಕ ಸರಿಯಾಗಿದೆ ಅಂದರು.

ಕೊಟ್ಟು ತಗೊಳ್ಳೋದು ಎರಡೂ ಕಡೆ ಇತ್ತು ಅನ್ನಿ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೇ ಅಂಗಡಿಯಲ್ಲಿ ಜನ ಜಾಸ್ತಿ. ಆಗ ನಮ್ಮಲ್ಲಿ ಯಾರಾದರೊಬ್ಬಳು ಒಳಗೆ ಹೋಗಿ ಕೂರುತ್ತೇವೆ, ಭಾಯಿ ಹಿಂದಿನ ಕೋಣೆಯಲ್ಲಿ ಖರ್ಜೂರ ತಿಂದು, ನಮಾಜ್ ಮುಗಿಸಿ ಬರುತ್ತಾರೆ. ನಾನು ಕೂತಾಗ ವ್ಯಾಪಾರ ಸ್ವಲ್ಪ ಕಡಿಮೆ ಅಂತ ಅವರ ಹೆಂಡತಿ ಹೇಳುತ್ತಾರೆ. ಚೌಕಾಸಿ ಮಾಡಿದವರನ್ನು ನಾನು ಬೈದು ಕಳಿಸುತ್ತೇನಂತೆ.

ಇವೆಲ್ಲ ಸರಿ. ಇವನ್ನೆಲ್ಲ ಮೈಕಿನಲ್ಲಿ ಹೇಳಬಹುದು. ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಂದೆ ಬಂದು ನಿಂತಿದ್ದು ಬೆಲ್ಲದ ವಿಷಯ. ಅದನ್ನು ಹೇಳೋದೋ ಬಿಡೋದೋ ಅನ್ನೋದೇ ದೊಡ್ಡ ಪೀಕಲಾಟವಾಯಿತು.

ನಮ್ಮತ್ತೆಗೆ ಎಂಬತ್ತು ದಾಟಿದೆ. ಒಂದು ಕಾಲಕ್ಕೆ ಇಡೀ ಬೀದಿಗೆ ಒಬ್ಬಟ್ಟಿನ ಗುರು ಅವರೇ. ಯುಗಾದಿ ಹಿಂದಿನ ದಿನ ನಾಲ್ಕು ಮನೆಯವರು ಬಂದು ಹೂರಣದ ಹದ ಕೇಳಿ ಹೋಗುತ್ತಿದ್ದರು. ಮೂರು ವರ್ಷದ ಕೆಳಗೆ ಅವರಿಗೆ ಮರೆವು ಹತ್ತಿಕೊಂಡಿತು. ಹಳೆಯದೆಲ್ಲ ನೆನಪಿದೆ, ತಮ್ಮ ಮದುವೆಗೆ ಬಂದ ಪಾತ್ರೆಗಳನ್ನು ಒಂದೊಂದಾಗಿ ಹೇಳುತ್ತಾರೆ. ನಿನ್ನೆಯದು ಮಾತ್ರ ಇಲ್ಲ. ಬೆಳಗ್ಗೆ ಎದ್ದರೆ ಹಿಂದಿನ ದಿನ ಒರೆಸಿಹೋಗಿರುತ್ತದೆ. ಡಾಕ್ಟರು ಇದು ವಾಸಿಯಾಗುವಂಥದ್ದಲ್ಲ, ಖುಷಿಯಾಗಿ ಇಟ್ಟುಕೊಳ್ಳಿ ಅಂದರು.

ಆ ಮರೆವಿನಲ್ಲಿ ಅವರಿಗೆ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತು. ನಾಳೆ ಹಬ್ಬ. ಬೆಳಗ್ಗೆ ತಿಂಡಿಯಾದ ಮೇಲೆ ಬೇರೆ ಸೀರೆ ಉಟ್ಟು, ಬಟ್ಟೆಯ ಚೀಲ ಹಿಡಿದು ಅಂಗಡಿಗೆ ಹೊರಡುತ್ತಾರೆ. "ಒಂದು ಕೇಜಿ ಅಚ್ಚುಬೆಲ್ಲ ಕೊಡಪ್ಪ, ನಾಳೆ ಹಬ್ಬ." ತಂದು ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತಾರೆ. ಹಬ್ಬದ ಬೆಲ್ಲವನ್ನು ದೇವರಿಗೆ ಎಡೆ ಇಡುವ ಮುಂಚೆ ಬಾಯಿಗೆ ಹಾಕಬಾರದು, ಪೊಟ್ಟಣ ಬಿಚ್ಚಲೂ ಬಾರದು. ಅದು ಅವರು ಮೊದಲಿಂದ ನಡೆಸಿಕೊಂಡು ಬಂದ ನೇಮ, ಮರೆವು ಬಂದ ಮೇಲೂ ಅದೊಂದು ಮರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಲ್ಲ ತಂದದ್ದು ಮರೆತುಹೋಗಿರುತ್ತದೆ. ಮಾರನೆ ದಿನ ಮತ್ತೆ ಚೀಲ, ಮತ್ತೆ ಅಂಗಡಿ.

ಇದು ನನಗೆ ಗೊತ್ತಾಗಿದ್ದು ಇರುವೆಗಳಿಂದ. ಸಾಲು ಹಿಡಿದು ಹೋದರೆ ಡ್ರಮ್ಮಿನ ಹಿಂದೆ ಬೆಲ್ಲದ ಪೊಟ್ಟಣಗಳ ಗುಡ್ಡೆ! ನಾನು ಸೆರಗು ಸಿಕ್ಕಿಸಿಕೊಂಡು ಸೀದಾ ಅಂಗಡಿಗೆ ಹೋದೆ. ಬುದ್ಧಿ ಸರಿ ಇಲ್ಲದ ಮುದುಕಿಗೆ ದಿನಾ ಬೆಲ್ಲ ಕಟ್ಟಿಕೊಡ್ತೀರಲ್ಲ, ನಿಮಗೆ ನ್ಯಾಯವಾ ಅಂತ ಕೂಗಾಡಿದೆ. ಪುಣ್ಯಕ್ಕೆ ಮಗ್ಗಗಳ ಸದ್ದಿನಲ್ಲಿ ಅದು ಬೀದಿಗೆ ಕೇಳಿಸಲಿಲ್ಲ. ಭಾಯಿ ನನ್ನ ಕೂಗು ಮುಗಿಯುವ ತನಕ ಕಾದರು, ನನಗೆ ಒಂದು ಸ್ಟೂಲು ಹಾಕಿಸಿದರು. ಎರಡು ದಿನ ಮನೆಯಲ್ಲಿ ಏನೋ ದೇವರ ಕಾರ್ಯ ಅಂದುಕೊಂಡಿದ್ದರಂತೆ. ಆಮೇಲೆ ಅರ್ಥವಾಯಿತಂತೆ.

"ಇಲ್ಲ ಅಂದ್ರೆ ಅಮ್ಮ ಮೇನ್ ರೋಡ್ ಅಂಗಡಿಗೆ ಹೋಗ್ತಾರೆ ಅಕ್ಕ. ಅಲ್ಲಿ ಲಾರಿ ಓಡಾಡ್ತವೆ" ಅಂದರು. ದಾರದ ಉಂಡೆ ಸುತ್ತುತ್ತಾ, "ಆಮೇಲೆ, ನೆನ್ನೆನೂ ತಗೊಂಡೋದ್ರಲ್ಲ ಅಂತ ಒಂದಿನ ಬಾಯಿ ತಪ್ಪಿ ಹೇಳ್ದೆ. ಅವರ ಮುಖ ನೋಡಬೇಕಿತ್ತು. ಅದನ್ನ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ" ಅಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆ ಸ್ಟೂಲಿನ ಮೇಲೆ ಕೂತೇ ಇಬ್ಬರೂ ಸೇರಿ ಒಂದು ಏರ್ಪಾಡು ಮಾಡಿದೆವು. ಬೆಳಗ್ಗೆ ಅತ್ತೆ ಬೆಲ್ಲ ತರುತ್ತಾರೆ. ಸಂಜೆ ನಾನು ಹಾಲಿಗೆ ಹೋಗುವಾಗ ಅದನ್ನು ಸೆರಗಿನ ಕೆಳಗೆ ಮುಚ್ಚಿಕೊಂಡು ವಾಪಸ್ ಒಯ್ಯುತ್ತೇನೆ, ಅತ್ತೆ ಕೊಟ್ಟ ದುಡ್ಡು ನನ್ನ ಕೈಗೆ ಬರುತ್ತದೆ. ಆದರೆ ಹೊಸ್ತಿಲು ದಾಟಿದ ಮಾಲು ಮೂಟೆಗೆ ಸೇರುವ ಹಾಗಿಲ್ಲವಲ್ಲ. ಅದಕ್ಕೆ ಭಾಯಿ ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಬಿಸ್ಕತ್ತಿನ ಹಳೇ ಡಬ್ಬಿ ಇಟ್ಟರು. ಅದು ಅತ್ತೆಯ ಡಬ್ಬಿ. ಅತ್ತೆಗೆ ಮೊದಲೇ ಕಟ್ಟಿಟ್ಟ ಪೊಟ್ಟಣ ಆಗದು, ಕಣ್ಣೆದುರಿಗೇ ತೂಗಬೇಕು. ಹಾಗಾಗಿ ಭಾಯಿ ದಿನಾ ಹಳೆಯ ಕಾಗದ ಬಿಚ್ಚಿ, ಅದೇ ಬೆಲ್ಲವನ್ನು ತಕ್ಕಡಿಗೆ ಇಟ್ಟು, ಮುಳ್ಳು ತೋರಿಸಿ, ಹೊಸ ಕಾಗದದಲ್ಲಿ ಸುತ್ತಿ, ಹೊಸ ದಾರ ಕಟ್ಟಿ ಕೊಡುತ್ತಾರೆ. ಉಳಿದವರಿಗೆಲ್ಲ ಕರೆಂಟಿನ ತಕ್ಕಡಿ, ಅತ್ತೆಯೊಬ್ಬರಿಗೋಸ್ಕರ ಹಳೇ ಕೈತಕ್ಕಡಿ ಇನ್ನೂ ಮೊಳೆಯಲ್ಲಿ ನೇತಾಡುತ್ತಿದೆ. ಬೆಲ್ಲ ಹಳತಾಗುವ ಮುಂಚೆ ಅದನ್ನು ಹಾಲಿನವರ ಹಸುವಿಗೆ ಕೊಟ್ಟು, ಡಬ್ಬಿಗೆ ಹೊಸ ಅಚ್ಚು ಹಾಕುತ್ತಾರೆ. ಅಂಗಡಿಯಲ್ಲಿ ನಿಂತಿರುವ ಗಿರಾಕಿಗಳು ಇದನ್ನು ನೋಡಿದ್ದಾರೆ, ಆದರೆ ಮುದುಕಿಗೆ ಬೆಲ್ಲದ ಖರ್ಚು ಜಾಸ್ತಿ ಅಂತ ತಿಳಿದಿದ್ದರೇ ಹೊರತು ಡಬ್ಬಿಯ ಸಂಗತಿ ನಮ್ಮಿಬ್ಬರನ್ನು ಬಿಟ್ಟು ಇಬ್ಬರ ಮನೆಯವರಿಗಷ್ಟೇ ಗೊತ್ತು.

ಆ ಬೆಲ್ಲದ ಪ್ರಯಾಣ ಅತ್ತೆಯನ್ನು ಎಷ್ಟು ಗಟ್ಟಿಯಾಗಿ ಇಟ್ಟಿತು ಅಂದರೆ, ಮನೆಯಲ್ಲಿ ದಿಕ್ಕು ತಪ್ಪಿದವರ ಹಾಗೆ ಕೂತಿರುವವರು ಅಂಗಡಿಯಿಂದ ಬರುವಾಗ ತಲೆ ಎತ್ತಿ ಬರುತ್ತಾರೆ. ಹಬ್ಬದ ಸಾಮಾನು ತರುವ ಯಜಮಾನಿ ಅವರು. ಇದಕ್ಕಿಂತ ದೊಡ್ಡ ಉಪಕಾರ ನಮ್ಮ ಮನೆಗೆ ಯಾರು ಮಾಡಿದ್ದಾರೆ? ಇದನ್ನು ಬಿಟ್ಟು ನಾನು ಮೈಕಿನಲ್ಲಿ ಹುರಿಗಡಲೆ ಕಥೆ ಹೇಳಲಾ?

ನಮ್ಮ ಯಜಮಾನರು ಹೇಳು ಅಂದರು. ಅಮ್ಮನಿಗೆ ಅದು ಅರ್ಥವೂ ಆಗಲ್ಲ, ಅರ್ಥವಾದರೂ ಮಾರನೆ ದಿನ ಮರೆತುಹೋಗುತ್ತೆ ಅಂದರು. ಅದೂ ಸರಿ ಅನ್ನಿಸಿತು. ಸಮಾರಂಭದ ಹಿಂದಿನ ಸಂಜೆ ನಾನು ಹಾಲಿಗೆ ಹೋದಾಗ ಯಜಮಾನರಿಂದ ಭಾಯಿಗೆ ವಿಷಯ ತಿಳಿದಿತ್ತು. ಗಿರಾಕಿಗಳು ಹೋಗುವ ತನಕ ನನ್ನನ್ನು ನಿಲ್ಲಿಸಿಕೊಂಡರು.

"ಅಕ್ಕ, ಬೆಲ್ಲದ ವಿಷಯ ಎತ್ತಬೇಡಿ. ಅಮ್ಮ ಮರೀಬಹುದು, ಬೀದಿಯೋರು ಮರೆಯಲ್ಲ. ನಾಳಿದ್ದಿಂದ ಅವರು ಚೀಲ ಹಿಡಿದು ಬಂದ್ರೆ ಎಲ್ಲರೂ ಪಾಪ ಅಂತ ನೋಡ್ತಾರೆ. ಒಬ್ಬರಾದ್ರೂ ನಗ್ತಾರೆ. ಅದು ಅವರಿಗೆ ಗೊತ್ತಾಗುತ್ತೆ."

ಹಾಗಾದರೆ ನಾನು ಏನು ಹೇಳಲಿ, ಗ್ರಾಹಕರೇ ದೇವರು ಅಂತ ಹೇಳಿ ಕೂರಲಾ ಅಂತ ರೇಗಿದೆ. ಏನಾದ್ರೂ ಹೇಳಿ, ಹುರಿಗಡಲೆ ಹೇಳಿ ಅಂದರು. ಮನೆಗೆ ಬಂದರೆ ಅತ್ತೆ, ಬೀದಿಯಲ್ಲಿ ಶಾಮಿಯಾನ ಹಾಕುತ್ತಿರುವುದನ್ನು ನೋಡಿ, ನಾಳೆ ನಾನೂ ಬರ್ತೀನಿ, ಮುಂದೆ ಕುರ್ಚಿ ಹಾಕಿಸು ಅಂತ ಹಟ ಹಿಡಿದಿದ್ದರು. ಮರೆಯುತ್ತಾರೆ ಅಂದುಕೊಂಡೆ. ಬೆಳಗ್ಗೆ ಎದ್ದವರು ಶಾಮಿಯಾನ ನೋಡಿ ಮತ್ತೆ ಅದೇ ಹಟ.

ಅವತ್ತು ಹನ್ನೊಂದು ಗಂಟೆಗೆ ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಕರೆಂಟು ಹೋದಾಗ, ಸಾವಾದಾಗ, ಹಬ್ಬ ಬಂದಾಗ ಬಿಟ್ಟರೆ ನಮ್ಮ ಬೀದಿ ಸುಮ್ಮನಾಗುವುದಿಲ್ಲ. ಕಿವಿಯಲ್ಲಿ ಗುಂಯ್ ಅಂತಿತ್ತು. ಅಂಗಡಿಗೆ ಮಾವಿನ ತೋರಣ, ಬಾಳೆಕಂದು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ದೊಡ್ಡ ಪಾತ್ರೆಯಲ್ಲಿ ಕೇಸರಿಬಾತು, ಪಕ್ಕದಲ್ಲಿ ಭಾಯಿ ಮನೆಯಿಂದ ಬಂದ ಶಾವಿಗೆ ಪಾಯಸ. ಭಾಯಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿದರು. ಪೇಟ ಒಂದು ಸೈಜು ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು, ಅವರು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಎಲ್ಲರಿಗೂ ಸಲಾಂ ಮಾಡಿದರು. ಅವರ ಹೆಂಡತಿಗೆ ನಮ್ಮ ಬೀದಿಯಲ್ಲೇ ನೇಯ್ದ ಸೀರೆ ಕೊಟ್ಟೆವು. ಆಕೆ ಅತ್ತರು, ನಾವೂ ಅತ್ತೆವು, ಫೋಟೋ ತೆಗೆಯುವವನು ಎಲ್ಲರೂ ನಗ್ರಿ ಅಂದ.

ಆಮೇಲೆ ನನ್ನ ಕೈಗೆ ಮೈಕು ಕೊಟ್ಟರು. ಮಾವನವರ ಬೆಳಗ್ಗೆಯ ಟೀಪುಡಿ ಹೇಳಿದೆ, ಮದುವೆಯ ಬೇಳೆ ಹೇಳಿದೆ, ಹುರಿಗಡಲೆ ಹೇಳಿದಾಗ ಎಲ್ಲರೂ ನಕ್ಕರು. ಈ ಅಂಗಡಿಯಿಂದ ಒಂದು ದಿನ ಹಳೇ ಮಾಲು ಯಾರ ಮನೆಗಾದರೂ ಬಂದಿದ್ದರೆ ಕೈ ಎತ್ತಿ ಅಂತ ಜೋರಾಗಿ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಭಾಯಿಯ ಮುಖ ಅರಳಿತು. ಬಾಯಿ ತುದಿಗೆ ಬೆಲ್ಲ ಬಂದು ನಿಂತಿತ್ತು, ನುಂಗಿಕೊಂಡೆ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಅತ್ತೆ ಎದ್ದು ನಿಂತರು. ಚೀಲ ಅವರ ಕೈಯಲ್ಲೇ ಇತ್ತು, ದಿನಾ ಅಂಗಡಿಗೆ ಹೋಗುವ ಹೊತ್ತು ದಾಟಿತ್ತಲ್ಲ. ಜನರ ನಡುವೆ ಸೀದಾ ಅಂಗಡಿ ಕಡೆ ನಡೆದು, ಶಾಲು ಹೊದ್ದ ಭಾಯಿಯ ಮುಂದೆ ನಿಂತು, ಒಂದು ಕೇಜಿ ಅಚ್ಚುಬೆಲ್ಲ ಕೊಡಪ್ಪ ಅಂದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂಗಡಿ ಅವತ್ತು ವ್ಯಾಪಾರಕ್ಕಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಹೂವಿನ ಕುಂಡ, ಹಣ್ಣಿನ ಬುಟ್ಟಿ.

ಭಾಯಿ ಪೇಟ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಹಾರವನ್ನು ಹಿಂದಕ್ಕೆ ಬೆನ್ನ ಮೇಲೆ ಎಸೆದುಕೊಂಡು, ಹಣ್ಣಿನ ಬುಟ್ಟಿ ಸರಿಸಿ ಒಳಗೆ ಹೋದರು. ಡಬ್ಬಿ ತೆಗೆದರು, ಕಾಗದ ಬಿಚ್ಚಿದರು, ಕೈತಕ್ಕಡಿ ಎತ್ತಿ ಮುಳ್ಳು ತೋರಿಸಿದರು. ಬೀದಿಯೆಲ್ಲ ನೋಡುತ್ತಿತ್ತು. ಮಗ್ಗದ ಸದ್ದಿಲ್ಲದೆ ಕಾಗದ ಮಡಿಸುವ ಸರಸರವೂ ಕೇಳಿಸಿತು. ದಾರ ಅವತ್ತು ನಮ್ಮ ಮನೆಯದೇ, ಅರಿಶಿನ ಬಣ್ಣ.

ಅತ್ತೆ ಪೊಟ್ಟಣ ತಗೊಂಡು ತಿರುಗಿದರು. ತೋರಣ ನೋಡಿದರು, ಬಾಳೆಕಂದು ನೋಡಿದರು, ಹೊಸ ಸೀರೆ ಉಟ್ಟ ನಮ್ಮನ್ನೆಲ್ಲ ನೋಡಿದರು. ಕಿವಿಗೊಟ್ಟು ಕೇಳಿದರು. ಮಗ್ಗ ನಿಂತಿದೆ.

"ಅಯ್ಯೋ, ಇವತ್ತೇ ಅಲ್ವೇನೋ ಹಬ್ಬ!" ಅಂದರು.

ಮೂರು ವರ್ಷದಿಂದ ನಾಳೆ ನಾಳೆ ಅಂತಿದ್ದ ಹಬ್ಬ ಬಂದೇಬಿಟ್ಟಿತು. ಅಲ್ಲೇ ನಿಂತು, ಅರಿಶಿನದ ದಾರ ಎಳೆದು ಪೊಟ್ಟಣ ಬಿಚ್ಚಿದರು. ಬೆಲ್ಲದ ಮೂಲೆ ಮುರಿದು ಸೂರ್ಯನ ಕಡೆ ಎತ್ತಿ ತೋರಿಸಿದರು, ಅದೇ ಎಡೆ. ಮೊದಲ ಚೂರು ಭಾಯಿಯ ಬಾಯಿಗೆ ಹಾಕಿದರು. ಎರಡನೆಯದನ್ನು ತಾವು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಚಪ್ಪರಿಸುತ್ತಾ ಮುಖ ಗಂಟಿಕ್ಕಿತು.

"ಇದು ಹಳೇ ಬೆಲ್ಲ ಕಣಯ್ಯ. ಬೆವರಿಬಿಟ್ಟಿದೆ, ಹುಳಿ ಬಂದಿದೆ. ಇಷ್ಟು ವರ್ಷ ಅಂಗಡಿ ಇಟ್ಟಿದೀಯ, ಹಬ್ಬಕ್ಕೆ ಹಳೇ ಬೆಲ್ಲ ಕೊಡ್ತೀಯಾ?"

ಹೌದು, ಮಳೆಯ ಥಂಡಿಗೆ ಬೆಲ್ಲ ಬೆವರುತ್ತೆ. ಸಮಾರಂಭದ ಗಡಿಬಿಡಿಯಲ್ಲಿ ಭಾಯಿ ಡಬ್ಬಿಯ ಬೆಲ್ಲ ಬದಲಿಸುವುದನ್ನು ಮರೆತಿದ್ದರು. ಎಲ್ಲ ಬಿಟ್ಟು ಅವತ್ತೇ, ಇಡೀ ಬೀದಿಯ ಎದುರಿಗೆ, ನಾನು ಕೈ ಎತ್ತಿ ಅಂತ ಸವಾಲು ಹಾಕಿದ ಮರುಗಳಿಗೆಗೆ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈಕು ನನ್ನ ಕೈಯಲ್ಲೇ ಇತ್ತು. ಡಬ್ಬಿಯ ವಿಷಯ ಒಂದು ಮಾತು ಹೇಳಿದರೆ ಸಾಕು, ಭಾಯಿಯ ಹೆಸರು ಉಳಿಯುತ್ತೆ. ಬಾಯಿ ತೆಗೆದೆ. ಭಾಯಿ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು, ಬೇಡ ಅಂತ. ಆಮೇಲೆ ಅತ್ತೆಗೆ ಕೈ ಮುಗಿದರು.

"ತಪ್ಪಾಯ್ತಮ್ಮ. ಹಳೇದೇ ಕೊಟ್ಬಿಟ್ಟೆ. ನಾಳೆ ಹೊಸದು ಕೊಡ್ತೀನಿ."

"ನೋಡಿ ಕೊಡಬೇಕು" ಅಂತ ಗದರಿಸಿ ಅತ್ತೆ ಕುರ್ಚಿಗೆ ಬಂದು ಕೂತರು.

ಇಪ್ಪತ್ತೈದು ವರ್ಷದಲ್ಲಿ ಒಂದು ಕಾಳು ಹಳೆಯದು ಮಾರದ ಮನುಷ್ಯ, ಹಾರ ಹಾಕಿಸಿಕೊಂಡ ದಿನ, ಹಳೇ ಮಾಲು ಕೊಟ್ಟೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡರು. ನನಗೆ ಗಂಟಲು ಕಟ್ಟಿತು, ಇಡೀ ಬೀದಿ ನಂಬಿಕೊಂಡಿದ್ದ ಗಂಟಲು. ಬರೆದುಕೊಂಡು ಬಂದಿದ್ದ ಕೊನೆಯ ಮಾತು ಮರೆತುಹೋಯಿತು. ಭಾಯಿ, ನೀವು ನೂರು ವರ್ಷ ಅಂಗಡಿ ಇಟ್ಟಿರಿ, ನಾವು ನೂರು ವರ್ಷ ಬರ್ತೀವಿ ಅಂದು ಮೈಕು ಕೆಳಗಿಟ್ಟೆ. ಆಗ ನಕ್ಕಿದ್ದವಳು ಎದುರುಮನೆಯವಳೇ. ಅವಳು ಎದ್ದು ಬಂದು ಅತ್ತೆಯ ಮುಂದೆ ಕೈ ಚಾಚಿ, ಅಜ್ಜಿ ನನಗೂ ಹಬ್ಬದ ಬೆಲ್ಲ ಕೊಡಿ ಅಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಆ ಹುಳಿ ಬೆಲ್ಲವನ್ನು ಬೀದಿಯವರೆಲ್ಲ ಚೂರು ಚೂರು ತಿಂದೆವು. ಯಾರೂ ಮುಖ ಕಿವುಚಲಿಲ್ಲ. ಯಾರಿಗೆ ಎಷ್ಟು ಅರ್ಥವಾಯಿತೋ ನಾನು ಕೇಳಲಿಲ್ಲ.

ಮಾರನೆ ಬೆಳಗ್ಗೆ ಮಗ್ಗಗಳು ಶುರುವಾದವು. ತಿಂಡಿಯಾದ ಮೇಲೆ ಅತ್ತೆ ಸೀರೆ ಬದಲಿಸಿ ಚೀಲ ತಗೊಂಡರು. ಬೇಕಂತಲೇ ಸಬ್ಬಸಿಗೆ ಸೊಪ್ಪಿನ ನೆಪ ಹೇಳಿ ನಾನೂ ಹಿಂದೆಯೇ ಹೋದೆ. ಭಾಯಿ ಆಗಲೇ ಹೊಸ ಬೆಲ್ಲದ ಚೀಲ ಬಿಚ್ಚಿ, ಡಬ್ಬಿ ತೊಳೆದು ಒಣಗಿಸಿ ಇಟ್ಟಿದ್ದರು. ಅತ್ತೆ ಗಲ್ಲಾಪೆಟ್ಟಿಗೆಯ ಮೇಲೆ ಕೈ ಊರಿ ನಿಂತರು.

"ಒಂದು ಕೇಜಿ ಅಚ್ಚುಬೆಲ್ಲ ಕೊಡಪ್ಪ, ನಾಳೆ ಹಬ್ಬ" ಅಂದರು. ಆಮೇಲೆ ಕಣ್ಣು ಕಿರಿದು ಮಾಡಿ ಭಾಯಿಯನ್ನೇ ನೋಡುತ್ತಾ, "ನೆನ್ನೆ ಥರ ಹಳೇದು ಕೊಟ್ಟೀಯಾ, ಹುಷಾರು" ಅಂದರು.

ಮೂರು ವರ್ಷದಲ್ಲಿ ನಮ್ಮತ್ತೆಗೆ ನಿನ್ನೆ ಅನ್ನೋದು ನೆನಪಾಗಿದ್ದು ಅದೊಂದೇ ಸಲ. ಭಾಯಿ ತಕ್ಕಡಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು, ಅವರ ಕಣ್ಣು ತುಂಬಿತ್ತು, ಬಾಯಿ ಕಿವಿಯ ತನಕ ನಗುತ್ತಿತ್ತು. ಬೈಸಿಕೊಂಡು ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಇನ್ನೆಲ್ಲೂ ನೋಡಿಲ್ಲ. ಇಲ್ಲಮ್ಮ, ಇವತ್ತು ಹೊಸದೇ ಅಂತ ಹೇಳಿ, ಮುಳ್ಳು ನಡುವೆ ನಿಲ್ಲುವವರೆಗೂ ಕಾದು, ಬೆಲ್ಲವನ್ನು ಕಾಗದಕ್ಕೆ ಇಳಿಸಿದರು.